ಉಪ್ಪಿನಕಾಯಿ ಜಾಡಿಗೆ ಯಾವ ಮಣ್ಣು, ಯಾವ ಗ್ಲೇಜ್: ಸೀಸದ ಕುರಿತ ಟಿಪ್ಪಣಿ

ಮನೆಯಲ್ಲಿ ಮಡಕೆ ಮಾಡಲು ಕಲಿಯುತ್ತಿರುವವರು ಒಂದು ಜಾಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಈ ವಿಷಯ ಬೇಗ ತಿಳಿಯುತ್ತದೆ. ನಾನು ಆರಿಸಿಕೊಂಡದ್ದು ಉಪ್ಪಿನಕಾಯಿ ಜಾಡಿ. ಹೂದಾನಿ ತಪ್ಪಾದರೆ ನೀರು ಒಸರುತ್ತದೆ, ಅಷ್ಟೇ. ಉಪ್ಪಿನಕಾಯಿ ಜಾಡಿಯಲ್ಲಿ ಹಾಗಲ್ಲ. ಮಾವಿನ ಮಿಡಿಯ ಹುಳಿಯೂ ಉಪ್ಪೂ ವರ್ಷವಿಡೀ ಗ್ಲೇಜಿಗೆ ಅಂಟಿಕೊಂಡೇ ಇರುತ್ತವೆ. ಜಾಡಿಯ ಗೋಡೆಯಿಂದ ಏನು ಬಿಟ್ಟುಕೊಂಡರೂ ಅದು ನೇರವಾಗಿ ನಮ್ಮ ತಟ್ಟೆಗೆ ಬರುತ್ತದೆ.

ಮೊದಲು ಮಣ್ಣು. ಮಡಕೆ, ಹಣತೆ, ಕುಂಡಗಳಿಗೆ ಬಳಸುವ ಕೆಂಪು ಜೇಡಿಮಣ್ಣನ್ನು ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುತ್ತಾರೆ. ಆ ಶಾಖದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಒಳಗಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುವುದಿಲ್ಲ. ಬೇಸಿಗೆಯ ನೀರಿನ ಮಡಕೆ ತಣ್ಣಗಿರುವುದು ಈ ರಂಧ್ರಗಳಿಂದಲೇ: ನೀರು ಹೊರಗೆ ಒಸರಿ ಆವಿಯಾಗುತ್ತದೆ. ನೀರಿಗೆ ವರವಾದ ಈ ಗುಣ ಉಪ್ಪಿನಕಾಯಿಗೆ ಶಾಪ. ಉಪ್ಪುನೀರು ಗೋಡೆಯೊಳಗೆ ಇಳಿದು, ಹೊರಮೈಯಲ್ಲಿ ಬಿಳಿ ಉಪ್ಪಾಗಿ ಮೂಡುತ್ತದೆ, ಕ್ರಮೇಣ ಮೇಲ್ಪದರವನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ.

ಸ್ಟೋನ್‌ವೇರ್ ಮಣ್ಣನ್ನು 1200ರಿಂದ 1300 ಡಿಗ್ರಿಯವರೆಗೆ ಸುಡುತ್ತಾರೆ. ಅಲ್ಲಿ ಮಣ್ಣಿನ ಒಂದು ಪಾಲು ಗಾಜಾಗಿ ಕರಗಿ ರಂಧ್ರಗಳನ್ನು ತುಂಬುತ್ತದೆ. ಗ್ಲೇಜ್ ಇಲ್ಲದಿದ್ದರೂ ಅದು ನೀರನ್ನು ಹೆಚ್ಚು ಹೀರುವುದಿಲ್ಲ. ನಮ್ಮ ಮನೆಗಳಲ್ಲಿದ್ದ, ಮೇಲೆ ಕಂದು ಕೆಳಗೆ ಬಿಳಿ ಬಣ್ಣದ ಭಾರದ ಭರಣಿಗಳು ಈ ಜಾತಿಯವು.

ಮಾರುವವರ ಮಾತನ್ನು ನಂಬುವುದಕ್ಕಿಂತ ತೂಕ ನೋಡುವುದು ಒಳ್ಳೆಯದು. ಅದೇ ಮಣ್ಣಿನ ಗ್ಲೇಜ್ ಇಲ್ಲದ ಬಿಲ್ಲೆಯೊಂದನ್ನು ಜಾಡಿಯ ಜೊತೆಗೇ ಸುಟ್ಟು, ಒಣಗಿದ್ದಾಗ ತೂಗಿ. ಕೆಲವು ಗಂಟೆ ನೀರಿನಲ್ಲಿ ಕುದಿಸಿ, ಮರುದಿನದವರೆಗೆ ಅದೇ ನೀರಿನಲ್ಲಿ ಬಿಟ್ಟು, ಮೈ ಒರೆಸಿ ಮತ್ತೆ ತೂಗಿ. 200 ಗ್ರಾಂ ಇದ್ದ ನನ್ನ ಕೆಂಪು ಮಣ್ಣಿನ ಬಿಲ್ಲೆ 224 ಗ್ರಾಂ ಆಯಿತು, ಅಂದರೆ ನೂರಕ್ಕೆ 12ರಷ್ಟು ನೀರು ಕುಡಿದಿತ್ತು. ಅಷ್ಟೇ ತೂಕದ ಸ್ಟೋನ್‌ವೇರ್ ಬಿಲ್ಲೆ 203 ಗ್ರಾಂ ಆಯಿತು, ಅಂದರೆ ಒಂದೂವರೆ. ಜಾಡಿಗೆ ಎರಡಕ್ಕಿಂತ ಕಡಿಮೆ ಇರಲಿ ಎಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಒಳ್ಳೆಯ ಸ್ಟೋನ್‌ವೇರ್ ಮಣ್ಣನ್ನೇ 1100 ಡಿಗ್ರಿಗೆ ಸುಟ್ಟು ನಿಲ್ಲಿಸಿದರೆ ಅದೂ ಕುಂಡದಂತೆಯೇ ನೀರು ಕುಡಿಯುತ್ತದೆ. ಆದ್ದರಿಂದ ಮಣ್ಣಿನ ಹೆಸರಿನಷ್ಟೇ ಅದು ಕಂಡ ಶಾಖವೂ ಮುಖ್ಯ. ಗಾಳಿಗೆ ಒಣಗಿ ಗಟ್ಟಿಯಾಗುವ ಕರಕುಶಲ ಮಣ್ಣಂತೂ ಆಹಾರಕ್ಕೆ ಸಲ್ಲುವುದೇ ಇಲ್ಲ.

ಇನ್ನು ಗ್ಲೇಜ್. ಗ್ಲೇಜ್ ಎಂದರೆ ಪಾತ್ರೆಯ ಮೇಲೆ ಕರಗಿ ಹರಡಿದ ಗಾಜು. ಗಾಜಿನ ಮೂಲ ಸಿಲಿಕಾ. ಅದೊಂದೇ ಕರಗಬೇಕಾದರೆ 1700 ಡಿಗ್ರಿ ಬೇಕು. ಅದಕ್ಕೇ ಕರಗಿಸುವ ವಸ್ತುವೊಂದನ್ನು ಬೆರೆಸುತ್ತಾರೆ. ಸೀಸ ಈ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತದೆಂದರೆ, ಸಾವಿರ ಡಿಗ್ರಿಯ ಒಳಗೇ ಗ್ಲೇಜ್ ಎಣ್ಣೆಯಂತೆ ಹರಡಿ, ಗುಳ್ಳೆ ಗೀರುಗಳನ್ನು ತಾನೇ ಮುಚ್ಚಿಕೊಂಡು, ಕನ್ನಡಿಯಂತೆ ಹೊಳೆಯುತ್ತದೆ. ಸೌದೆಯ ಆವಿಗೆಯಲ್ಲಿ ಹೆಚ್ಚು ಶಾಖ ಸಿಗದ ಕಡೆಗಳಲ್ಲಿ ಕುಂಬಾರರು ಶತಮಾನಗಳ ಕಾಲ ಸೀಸವನ್ನು ಬಿಡದಿದ್ದುದಕ್ಕೆ ಇದೇ ಕಾರಣ. ಮೆಕ್ಸಿಕೋದ ಹಳ್ಳಿಗಳ ಮಣ್ಣಿನ ಪಾತ್ರೆಗಳಲ್ಲಿ ಈ ಸಮಸ್ಯೆ ಇಂದಿಗೂ ಉಳಿದಿದೆ.

ಚೆನ್ನಾಗಿ ಕರಗಿದ ಗಾಜಿನೊಳಗೆ ಸೀಸ ಬಂಧಿಯಾಗಿರುತ್ತದಲ್ಲವೇ ಎಂಬ ಪ್ರಶ್ನೆ ಸಹಜ. ಬಂಧನ ಪೂರ್ತಿಯಲ್ಲ. ಹುಣಸೆ, ನಿಂಬೆ, ಟೊಮೆಟೊ, ಮೊಸರು ಇವುಗಳ ಆಮ್ಲದಲ್ಲಿರುವ ಹೈಡ್ರೋಜನ್ ಅಯಾನುಗಳು ಗ್ಲೇಜಿನ ಮೇಲ್ಮೈಯಲ್ಲಿ ಸೀಸದ ಜಾಗ ಹಿಡಿದು ಸೀಸವನ್ನು ಹೊರಗೆ ತಳ್ಳುತ್ತವೆ. ಸುಡುವುದು ಕಡಿಮೆಯಾಗಿದ್ದರೆ ಇದು ಹೆಚ್ಚುತ್ತದೆ. ಹಸಿರು ಬಣ್ಣಕ್ಕೆಂದು ತಾಮ್ರ ಬೆರೆಸಿದ್ದರೆ ಇನ್ನೂ ಬಹಳ ಹೆಚ್ಚುತ್ತದೆ, ಏಕೆಂದರೆ ತಾಮ್ರ ಸೀಸದ ಗಾಜಿನ ಹಿಡಿತವನ್ನೇ ಸಡಿಲಿಸುತ್ತದೆ. ಸೀಸ ಮತ್ತು ತಾಮ್ರ ಒಟ್ಟಿಗಿರುವ ಹೊಳಪಿನ ಹಸಿರನ್ನು ನಾನು ಅತ್ಯಂತ ಅಪಾಯದ ಗ್ಲೇಜ್ ಎಂದು ಬರೆದಿಟ್ಟುಕೊಂಡಿದ್ದೇನೆ.

1970ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೆನಡಾದ ಮಾಂಟ್ರಿಯಲ್‌ನ ಪ್ರಕರಣ ವರದಿಯಾಯಿತು. ಗ್ಲೇಜ್ ಮಾಡಿದ ಮಣ್ಣಿನ ಹೂಜಿಯಲ್ಲಿಟ್ಟ ಸೇಬಿನ ರಸವನ್ನು ಕುಡಿಯುತ್ತಿದ್ದ ಎಳೆಯ ಮಗು ಸೀಸದ ವಿಷದಿಂದ ಸತ್ತಿತ್ತು. ರಸಕ್ಕೆ ಕೆಟ್ಟ ರುಚಿ ಇರುವುದಿಲ್ಲ, ಬಣ್ಣ ಬದಲಾಗುವುದಿಲ್ಲ. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದುಕೊಂಡು ಮೂಳೆಯಲ್ಲಿ ಕೂಡಿಡುತ್ತದೆ, ಮಕ್ಕಳ ದೇಹವಂತೂ ದೊಡ್ಡವರಿಗಿಂತ ಹಲವು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಷ್ಟು ಪ್ರಮಾಣ ಇದ್ದರೆ ತೊಂದರೆಯಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ನನಗೆ ಇದು ಮನದಟ್ಟಾದದ್ದು ಒಂದು ಹಸಿರು ಬಟ್ಟಲಿನಿಂದ. ಪರಿಚಿತರೊಬ್ಬರು ಹೆಸರಿಲ್ಲದ ಪೊಟ್ಟಣದಲ್ಲಿ ಗ್ಲೇಜ್ ಪುಡಿ ಕೊಟ್ಟಿದ್ದರು. ಬಟ್ಟಲು ನೋಡಿ ಅಮ್ಮ, “ಎಷ್ಟು ಚೆನ್ನಾಗಿದೆ, ಮಿಡಿ ಉಪ್ಪಿನಕಾಯಿಯನ್ನು ಇದರಲ್ಲೇ ಹಾಕೋಣ” ಎಂದರು. ಒಂದು ರಾತ್ರಿ ತಾಳಿ ಎಂದು ಹೇಳಿ, ನಿಂಬೆಯ ಹೋಳೊಂದನ್ನು ಅದರೊಳಗೆ ಅಂಟಿಸಿಟ್ಟೆ. ಬೆಳಿಗ್ಗೆ ಹೋಳು ತೆಗೆದಾಗ ಅದರಡಿಯಲ್ಲಿ ಹಸಿರು ಮಾಸಿ, ನಿಂಬೆಯ ಎಸಳುಗಳ ಗುರುತು ಕೂಡ ಬೂದು ಬಣ್ಣದಲ್ಲಿ ಮೂಡಿತ್ತು. ಆ ಗ್ಲೇಜ್ ಹುಳಿಯನ್ನು ತಡೆಯುವುದಿಲ್ಲ ಎಂದು ಅಲ್ಲಿಗೆ ಗೊತ್ತಾಯಿತು.

ಈ ಪರೀಕ್ಷೆಯ ಮಿತಿಯನ್ನು ಮರೆಯಬೇಡಿ. ಗುರುತು ಬಿದ್ದರೆ ಗ್ಲೇಜ್ ದುರ್ಬಲ ಎನ್ನಬಹುದು, ಬೀಳದಿದ್ದರೆ ಸೀಸವಿಲ್ಲ ಎನ್ನಲಾಗದು. ಪಾರದರ್ಶಕ ಗ್ಲೇಜಿನಿಂದ ಸೀಸ ಸದ್ದಿಲ್ಲದೆ ಹೊರಬರಬಹುದು. ಪ್ರಯೋಗಾಲಯದಲ್ಲಿ ಪಾತ್ರೆಗೆ ನೂರಕ್ಕೆ 4ರ ಅಸಿಟಿಕ್ ಆಮ್ಲ ತುಂಬಿ, 24 ಗಂಟೆ ಕೋಣೆಯ ಉಷ್ಣತೆಯಲ್ಲಿಟ್ಟು, ದ್ರವಕ್ಕೆ ಇಳಿದ ಸೀಸವನ್ನೂ ಕ್ಯಾಡ್ಮಿಯಂ ಅನ್ನೂ ಯಂತ್ರದಿಂದ ಅಳೆಯುತ್ತಾರೆ. ಅಡುಗೆಮನೆಯ ವಿನೆಗರ್ ಹೆಚ್ಚುಕಡಿಮೆ ಅದೇ ಆಮ್ಲ, ನಮ್ಮಲ್ಲಿ ಇಲ್ಲದ್ದು ಆ ಅಳತೆ. ಪಾತ್ರೆಗಳನ್ನು ಮಾರುವ ಯೋಚನೆಯಿದ್ದರೆ ಆ ಖರ್ಚು ಮಾಡಲೇಬೇಕು.

ಜಾಡಿಗೆ ನಾನು ಆರಿಸಿದ್ದು ಸ್ಟುಡಿಯೋಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕು-ಮೂರು-ಎರಡು-ಒಂದು ಪಾಕ: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40, ಸಿಲಿಕಾ 30, ಸುಣ್ಣದಕಲ್ಲಿನ ಪುಡಿ 20, ಕಯೋಲಿನ್ 10. ಇದಕ್ಕೆ 1280 ಡಿಗ್ರಿಯಷ್ಟು ಶಾಖ ಬೇಕು. ಕರಗಿಸುವ ಕೆಲಸವನ್ನು ಫೆಲ್ಡ್‌ಸ್ಪಾರ್ ಮತ್ತು ಸುಣ್ಣ ಮಾಡುತ್ತವೆ, ಸಿಲಿಕಾ ಸಾಕಷ್ಟಿರುವುದರಿಂದ ಗಾಜು ಗಟ್ಟಿ. ಒಳಮೈಗೆ ಬಣ್ಣವನ್ನೇ ಬೆರೆಸಲಿಲ್ಲ. ಬಣ್ಣದ ಆಸೆಯನ್ನು ಹೊರಮೈಯಲ್ಲಿ ತೀರಿಸಿಕೊಳ್ಳಬಹುದು. ಪುಡಿ ಬೆರೆಸುವಾಗ ಮಾತ್ರ ಧೂಳಿಗೆ ತಕ್ಕ ಮಾಸ್ಕ್ ಬೇಕು: ಸೀಸವಿಲ್ಲದಿದ್ದರೂ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಡುಕು.

ಅಷ್ಟು ಶಾಖ ಸಿಗದವರು ಬೋರಾನ್ ಫ್ರಿಟ್, ಅಂದರೆ ಬೋರಾನ್ ಸೇರಿಸಿ ಮೊದಲೇ ಕರಗಿಸಿ ಪುಡಿಮಾಡಿದ ಗಾಜು, ಇರುವ ಗ್ಲೇಜ್ ಕೊಳ್ಳಬಹುದು. ಡಬ್ಬಿಯ ಮೇಲಿನ ‘ನಾನ್-ಟಾಕ್ಸಿಕ್’ ಎಂಬ ಮಾತು ಬಳಸುವವರ ಕೈಗೆ ಸಂಬಂಧಿಸಿದ್ದು, ಸುಟ್ಟ ಪಾತ್ರೆಗಲ್ಲ. ‘ಲೆಡ್-ಫ್ರೀ’ ಎಂದಿದ್ದರೂ ಕ್ಯಾಡ್ಮಿಯಂ ಅಥವಾ ಬೇರಿಯಂ ಇರಬಹುದು. ಊಟದ ಪಾತ್ರೆಗೆ ಸಲ್ಲುತ್ತದೆಯೇ, ಎಷ್ಟು ಡಿಗ್ರಿಯಲ್ಲಿ ಎಂಬ ಎರಡನ್ನೂ ಕೇಳಿ ತಿಳಿಯಬೇಕು. ಬಾಡಿಗೆ ಆವಿಗೆಯಾದರೆ, ಅದರಲ್ಲಿ ಸೀಸದ ಗ್ಲೇಜ್ ಸುಡುತ್ತಾರೆಯೇ ಎಂದೂ ವಿಚಾರಿಸಿ. ಶಾಖದಲ್ಲಿ ಸೀಸ ಆವಿಯಾಗಿ ಆವಿಗೆಯ ಹಲಗೆಗಳಿಗೂ ಪಕ್ಕದ ಪಾತ್ರೆಗಳಿಗೂ ಅಂಟಿಕೊಳ್ಳುತ್ತದೆ.

ನನ್ನ ಜಾಡಿ ಹೊರಬಂದ ಮೇಲೆ ಒಳಮೈಗೆ ಶಾಯಿ ಸವರಿ ಒರೆಸಿದೆ. ಕೂದಲೆಳೆಯ ಬಿರುಕುಗಳಿದ್ದರೆ ಶಾಯಿ ಅವುಗಳಲ್ಲಿ ಬಲೆಯಂತೆ ನಿಲ್ಲುತ್ತದೆ. ಒಂದು ಗೆರೆಯೂ ಕಾಣಲಿಲ್ಲ, ನಿಂಬೆಯ ಗುರುತೂ ಬೀಳಲಿಲ್ಲ. ಈಗ ಅದರಲ್ಲಿ ಮಿಡಿ ಇದೆ. ಹಸಿರು ಬಟ್ಟಲಿನ ತಳಕ್ಕೆ ಡ್ರಿಲ್‌ನಿಂದ ತೂತು ಕೊರೆದು ಪೆನ್ನು ಹಾಕಿಟ್ಟಿದ್ದೇನೆ. ತೂತಿದ್ದರೆ ನಾಳೆ ಯಾರೂ ಅದರಲ್ಲಿ ಮೊಸರು ಹಾಕಲಾರರು.