ಕಾಗದದ ಅಂಚಿನಲ್ಲಿ ಉಳಿಯುವ ಬಿಳಿ ಗೆರೆ

ಲೆಟರ್‌ಹೆಡ್‌ನ ಮೇಲ್ಭಾಗದಲ್ಲಿ ಅಂಚಿನಿಂದ ಅಂಚಿಗೆ ಬಣ್ಣದ ಪಟ್ಟಿ ಹಾಕಿದ ಫೈಲು ಪ್ರೆಸ್ಸಿನಿಂದ ಚೆನ್ನಾಗಿಯೇ ಬರುತ್ತದೆ. ಅದನ್ನೇ ಕಚೇರಿಯ ಲೇಸರ್ ಪ್ರಿಂಟರಿಗೆ ಕೊಟ್ಟರೆ ಸುತ್ತಲೂ ಬಿಳಿ ಗೆರೆ ಉಳಿಯುತ್ತದೆ. ಮಾರ್ಜಿನ್ ಸೊನ್ನೆ ಮಾಡಿದರೆ ಇದು ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹೋಗುವುದಿಲ್ಲ.

ನಿಜ ಹೇಳಬೇಕೆಂದರೆ ಪ್ರೆಸ್ಸು ಕೂಡ ಅಂಚಿನವರೆಗೆ ಮುದ್ರಿಸುವುದಿಲ್ಲ. ದೊಡ್ಡ ಹಾಳೆಯ ಮೇಲೆ ಮುದ್ರಿಸಿ, ಆಮೇಲೆ ಕತ್ತರಿಸುತ್ತದೆ. ಕತ್ತಿ ಕೂದಲೆಳೆ ಜರುಗಿದರೂ ಬಿಳಿ ಇಣುಕಬಾರದೆಂದು ಬಣ್ಣವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಗೆ ಚಾಚುತ್ತಾರೆ. ಇದೇ ಬ್ಲೀಡ್. ಹಾಗಾಗಿ 210×297 ಮಿ.ಮೀ.ನ ಎ4 ಹಾಳೆಗೆ ಪ್ರೆಸ್ಸಿನ ಫೈಲು 216×303 ಇರಬೇಕು.

ಲೇಸರ್ ಪ್ರಿಂಟರಿಗೆ ಕತ್ತರಿಸುವ ಸೌಲಭ್ಯವಿಲ್ಲ, ಮೇಲಾಗಿ ಶಾಖದ ತೊಡಕಿದೆ. ಅದರ ಟೋನರ್ ಶಾಯಿಯಲ್ಲ, ಪ್ಲಾಸ್ಟಿಕ್ಕಿನ ಪುಡಿ. 1938ರ ಅಕ್ಟೋಬರ್ 22ರಂದು ಈ ವಿಧಾನವನ್ನು ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ ಗಂಧಕ ಲೇಪಿಸಿದ ತಗಡಿನ ಮೇಲೆ ಪುಡಿ ಉದುರಿಸಿ, ಮೂಡಿದ ಅಕ್ಷರಗಳನ್ನು ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿ ಉಳಿಸಿದ್ದ. ಇಂದಿನ ಯಂತ್ರವೂ ಪುಡಿಯನ್ನು ಬಿಸಿಯಿಂದಲೇ ಕಾಗದಕ್ಕೆ ಕೂಡಿಸುತ್ತದೆ. ಸುಮಾರು 200 ಡಿಗ್ರಿಯ ರೋಲರು ಪುಡಿಯನ್ನು ಕರಗಿಸಿ ಒತ್ತುತ್ತದೆ. ಹಾಳೆಯ ಮುಂದಿನ ಅಂಚಿನಲ್ಲೇ ಕರಗಿದ ಪ್ಲಾಸ್ಟಿಕ್ ಇದ್ದರೆ ಹಾಳೆ ಬಿಡಿಸಿಕೊಳ್ಳದೆ ರೋಲರಿಗೇ ಸುತ್ತಿಕೊಂಡೀತು. ಆ ಅಂಚು ಖಾಲಿ ಇರಬೇಕಾದದ್ದು ಇದಕ್ಕೇ. ಸಾಮಾನ್ಯವಾಗಿ ನಾಲ್ಕೈದು ಮಿ.ಮೀ. ಬಿಡುತ್ತಾರೆ.

ಹಾಗಾದರೆ ಎರಡಕ್ಕೂ ಒಂದೇ ವಿನ್ಯಾಸ ಹೊಂದಬೇಕೆಂದರೆ ಅಂಚಿಗೆ ತಾಗುವ ಪಟ್ಟಿಯ ಆಸೆ ಬಿಡಿ. ಲೋಗೋ, ವಿಳಾಸ ಎಲ್ಲವೂ ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಲಿ. ಎಡ ಮಾರ್ಜಿನ್ 25 ಮಿ.ಮೀ. ಇಟ್ಟು, ಲೋಗೋ, ವಿಳಾಸ ಮತ್ತು ಪತ್ರದ ಸಾಲುಗಳನ್ನು ಅದೇ ಗೆರೆಗೆ ಹೊಂದಿಸಿದರೆ ಹಾಳೆ ತುಸು ಓರೆಯಾಗಿ ಹೋದರೂ ಕಣ್ಣಿಗೆ ಹೊಡೆಯುವುದಿಲ್ಲ.

ಇಷ್ಟು ಮಾಡಿದ ಮೇಲೂ ಕೆಡಿಸುವುದು ಪ್ರಿಂಟ್ ಕೊಡುವಾಗ ಬರುವ ‘ಫಿಟ್ ಟು ಪೇಜ್’ ಎಂಬ ಸೆಟ್ಟಿಂಗು. ಅದು ಇಡೀ ಪುಟವನ್ನು 96%ಗೆ ಕುಗ್ಗಿಸಿ ನಡುವೆ ಕೂರಿಸಿತು ಎನ್ನಿ. ಆಗ 25 ಮಿ.ಮೀ.ನ ಎಡ ಮಾರ್ಜಿನ್ 28.2 ಆಗುತ್ತದೆ. ಮೇಲಿನಿಂದ 45 ಮಿ.ಮೀ.ನಲ್ಲಿ ಶುರುವಾಗಬೇಕಿದ್ದ, ಪತ್ರ ಪಡೆಯುವವರ ವಿಳಾಸ 49ಕ್ಕೆ ಇಳಿದು, ಕಿಟಕಿ ಲಕೋಟೆಯಲ್ಲಿ ಅದರ ಕೊನೆಯ ಸಾಲು ಮರೆಯಾಗಬಹುದು. ಪರೀಕ್ಷಾ ಪುಟದಲ್ಲಿ 100 ಮಿ.ಮೀ. ಗೆರೆ ಎಳೆದು ಮುದ್ರಿಸಿ, ಸ್ಕೇಲಿನಿಂದ ಅಳೆಯಿರಿ. 96 ಬಂದರೆ ಸೆಟ್ಟಿಂಗನ್ನು 100%ಗೆ ತನ್ನಿ.

ಪ್ರೆಸ್ಸಿನಲ್ಲಿ ಮಾಡಿಸಿದ ಹಾಳೆಯನ್ನೇ ಆಮೇಲೆ ಲೇಸರಿಗೆ ಹಾಕುವುದಾದರೆ ಶಾಖ ತಡೆಯುವ ಶಾಯಿ ಬೇಕೆಂದು ಪ್ರೆಸ್ಸಿನವರಿಗೆ ಮೊದಲೇ ಹೇಳಿ. ಪುಡಿ ಕರಗಿಸಿ ಉಬ್ಬಿಸಿದ ಅಕ್ಷರ ಬೇಡವೇ ಬೇಡ, ಅದು ಆ ರೋಲರಿನ ಬಿಸಿಗೆ ಮತ್ತೆ ಕರಗುತ್ತದೆ. ಲೋಗೋದ ನೆರಳು ಹಾಳೆಯ ಕೆಳಭಾಗದಲ್ಲೋ ಮುಂದಿನ ಹಾಳೆಯಲ್ಲೋ ಮಸುಕಾಗಿ ಮೂಡಿದರೆ ಶಾಯಿ ರೋಲರಿಗೆ ಅಂಟಿದೆ ಎಂದೇ ತಿಳಿಯಿರಿ.