ಬಿಳಿ ಅಲ್ಲದ ಹಲ್ಲು, ನುಣುಪಲ್ಲದ ಒಸಡು

ಹಾಸನದಲ್ಲಿ ಫ್ಲೆಕ್ಸ್ ಡಿಸೈನ್ ಮಾಡುವ ನನ್ನ ಅಕ್ಕನ ಮಗ ಒಂದು ರಾತ್ರಿ ವಾಟ್ಸಾಪಿನಲ್ಲಿ ಚಿತ್ರ ಕಳಿಸಿದ. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಮಾಡುತ್ತಿದ್ದ ಬ್ಯಾನರ್. ನಗುತ್ತಿರುವ ಹುಡುಗಿ, ಪಕ್ಕದಲ್ಲಿ ಟೂತ್‌ಪೇಸ್ಟ್, ಹಸಿರು ಮೌತ್‌ವಾಷ್, ನೀರಹನಿ ಕೂತ ಪುದೀನ ಎಲೆ. "ಮಾವ, ಎಲ್ಲಾ ಸರಿ ಇದೆ. ಆದ್ರೆ ನೋಡಿದ್ರೆ ಒಂಥರಾ ಭಯ ಆಗುತ್ತೆ. ಯಾಕೆ?" ಅಂತ ಕೇಳಿದ.

ಭಯ ಆಗುತ್ತಿದ್ದದ್ದು ನಿಜ. ಹುಡುಗಿಯ ಕಣ್ಣು, ಕೂದಲು, ಚರ್ಮ ಎಲ್ಲ ಚೆನ್ನಾಗಿತ್ತು. ಬಾಯಿ ಮಾತ್ರ ಬೇರೆ ಯಾರದ್ದೋ ತಂದು ಅಂಟಿಸಿದಂತಿತ್ತು. ಹಲ್ಲಿನ ಮೇಲೆ ಬಣ್ಣ ಅಳೆಯುವ ಗುರುತು ಇಟ್ಟು ನೋಡು ಅಂದೆ. 255, 255, 255 ಅಂತ ಬಂತು. ಕಂಪ್ಯೂಟರಿಗೆ ಗೊತ್ತಿರುವ ಅಪ್ಪಟ ಬಿಳಿ ಅದು. ಒಂದು ಹಲ್ಲಲ್ಲ, ಎಂಟೂ ಹಾಗೇ ಇತ್ತು.

ಹಲ್ಲಿನ ಡಾಕ್ಟರ ಹತ್ತಿರ ಹಲ್ಲಿನ ಬಣ್ಣ ಹೊಂದಿಸಲು ಒಂದು ಪಟ್ಟಿ ಇರುತ್ತದೆ. ಪುಟ್ಟ ಪುಟ್ಟ ಪಿಂಗಾಣಿ ಹಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಎಲ್ಲೆಡೆ ಬಳಕೆಯಲ್ಲಿರುವ ಜರ್ಮನಿಯ ವೀಟಾ ಪಟ್ಟಿಯಲ್ಲಿ 16 ಬಣ್ಣ. ಕೆಲವು ಕೆಂಪು ಕಂದಿನತ್ತ ವಾಲಿದರೆ ಕೆಲವು ಹಳದಿಯತ್ತ, ಇನ್ನು ಕೆಲವು ಬೂದಿಯತ್ತ. ಆ ಹದಿನಾರರಲ್ಲಿ ಒಂದೂ ಕಾಗದದಷ್ಟು ಬಿಳಿ ಇಲ್ಲ. ಮನುಷ್ಯರ ಬಾಯಲ್ಲಿ ಆ ಬಣ್ಣ ಇಲ್ಲವೇ ಇಲ್ಲ, ಅದಕ್ಕೇ ಪಟ್ಟಿಯಲ್ಲೂ ಇಲ್ಲ.

ಹಲ್ಲಿನ ಬಣ್ಣ ಗೋಡೆಗೆ ಬಳಿದ ಸುಣ್ಣದ ಹಾಗೆ ಮೇಲಿರುವುದು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಅದಕ್ಕೇ ನಿಂಬೆಹಣ್ಣು, ಉಪ್ಪು, ಇದ್ದಿಲು ಹಾಕಿ ಉಜ್ಜುತ್ತೇವೆ. ಕಾಫಿ, ಎಲೆಅಡಿಕೆಯ ಕಲೆ ಮೇಲಿನದ್ದೇ, ಒಪ್ಪೋಣ. ಆದರೆ ಹಲ್ಲಿನ ಸ್ವಂತ ಬಣ್ಣ ಬರುವುದು ಒಳಗಿನಿಂದ. ಹೊರಗಿನ ಎನಾಮೆಲ್ ಪದರಕ್ಕೆ ಹೆಚ್ಚೇನೂ ಬಣ್ಣವಿಲ್ಲ, ಅದು ಅರೆಪಾರದರ್ಶಕ. ಅದರ ಕೆಳಗಿರುವ ಡೆಂಟಿನ್ ಹಳದಿ. ಬೆಳಕು ಎನಾಮೆಲ್ ದಾಟಿ ಒಳಗೆ ಹೋಗಿ, ಡೆಂಟಿನ್ ತನಕ ಅಲೆದಾಡಿ ವಾಪಸ್ ಬರುತ್ತದೆ. ನಮಗೆ ಕಾಣುವುದು ಹಾಗೆ ಅಲೆದು ಬಂದ ಬೆಳಕು. ಉಜ್ಜಿ ಉಜ್ಜಿ ಎನಾಮೆಲ್ ಸವೆಸಿದರೆ ಹಳದಿ ಇನ್ನೂ ಹತ್ತಿರ ಬರುತ್ತದೆ. ಬಿಳಿ ಮಾಡಲು ಹೋಗಿ ಹಳದಿ ಮಾಡಿಕೊಳ್ಳುವ ದಾರಿ ಇದು.

ಎಳನೀರಿನ ಗಂಜಿ ನೆನಪಿಸಿಕೊಳ್ಳಿ. ತೆಳ್ಳಗಿದ್ದಾಗ ಹಿಂದಿನ ಚಿಪ್ಪಿನ ಬಣ್ಣ ಕಾಣುತ್ತದೆ. ದಪ್ಪಗಾದರೆ ಬೆಳ್ಳಗಾಗುತ್ತದೆ. ಹಲ್ಲಿನಲ್ಲೂ ಹೀಗೇ. ಒಸಡಿನ ಹತ್ತಿರ ಎನಾಮೆಲ್ ತೆಳು, ಅದಕ್ಕೇ ಅಲ್ಲಿ ಹಳದಿ ಜಾಸ್ತಿ. ಕೋರೆಹಲ್ಲಿನಲ್ಲಿ ಡೆಂಟಿನ್ ದಪ್ಪ. ಹಾಗಾಗಿ ಅದು ಪಕ್ಕದ ಬಾಚಿಹಲ್ಲಿಗಿಂತ ಒಂದು ಛಾಯೆ ಹಳದಿಯಾಗೇ ಇರುತ್ತದೆ, ಎಷ್ಟು ಉಜ್ಜಿದರೂ. ಇನ್ನು ಮುಂದಿನ ಹಲ್ಲಿನ ತುದಿ ನೋಡಿ. ಅಲ್ಲಿ ಹಿಂದೆ ಡೆಂಟಿನ್ನೇ ಇಲ್ಲ, ಬರೀ ಎನಾಮೆಲ್. ಚಿಕ್ಕವರ ಹಲ್ಲಾದರೆ ಆ ಅಂಚು ತೆಳು ನೀಲಿ ಬೂದಿಯಾಗಿ ಕಾಣುತ್ತದೆ.

ಈ ನೀಲಿ ನನಗೆ ಬಹಳ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿ. ತುದಿಯಿಂದ ಏಳುವ ಹೊಗೆಯನ್ನು ಕತ್ತಲೆ ಬಾಗಿಲ ಎದುರು ನೋಡಿದರೆ ನೀಲಿ. ಅದೇ ಹೊಗೆಯನ್ನು ಬೆಳಕಿರುವ ಕಿಟಕಿಯ ಎದುರು ನೋಡಿದರೆ ಕಂದು. ಹೊಗೆಗೆ ನೀಲಿ ಬಣ್ಣ ಯಾರೂ ಹಾಕಿಲ್ಲ. ತೀರಾ ಸಣ್ಣ ಕಣಗಳು ನೀಲಿ ಬೆಳಕನ್ನು ಜಾಸ್ತಿ ಚೆದುರಿಸುತ್ತವೆ, ಕೆಂಪನ್ನು ಹೆಚ್ಚಾಗಿ ದಾಟಲು ಬಿಡುತ್ತವೆ. ಆಕಾಶದ್ದೂ ಇದೇ ಕಥೆ. ಎನಾಮೆಲ್ ಒಳಗಿನ ಸಣ್ಣ ಹರಳುಗಳೂ ಇದನ್ನೇ ಮಾಡುತ್ತವೆ. ಹಿಂದೆ ಬಾಯಿಯ ಕತ್ತಲೆ ಇರುವುದರಿಂದ ಹಲ್ಲಿನ ತುದಿಯಲ್ಲಿ ನೀಲಿ ಎದ್ದು ಕಾಣುತ್ತದೆ. 1921ರಲ್ಲಿ ಹಡಗಿನಲ್ಲಿ ಬರುತ್ತಾ ಸಮುದ್ರ ಯಾಕೆ ನೀಲಿ ಅಂತ ತಲೆ ಕೆಡಿಸಿಕೊಂಡ ಸಿ. ವಿ. ರಾಮನ್, ಬೆಂಗಳೂರಿಗೆ ಬಂದ ಮೇಲೆ ಮುತ್ತು, ಓಪಲ್ ಕಲ್ಲುಗಳನ್ನು ಹಿಡಿದು ಅವುಗಳೊಳಗೆ ಬೆಳಕು ಏನು ಮಾಡುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಹಲ್ಲಿನ ಡಾಕ್ಟರುಗಳು ಎನಾಮೆಲ್ಲಿನ ಈ ಗುಣವನ್ನು ಓಪಲ್ ಹೆಸರಿನಿಂದಲೇ ಕರೆಯುತ್ತಾರೆ. ಮುತ್ತಿನಂಥ ಹಲ್ಲು ಅಂತ ನಮ್ಮವರು ಅಂದದ್ದು ಬಣ್ಣಕ್ಕಲ್ಲ, ಈ ಒಳಬೆಳಕಿಗೆ ಇರಬೇಕು ಅನ್ನಿಸುತ್ತದೆ ನನಗೆ.

ಹುಡುಗನ ಚಿತ್ರದಲ್ಲಿ ನೀಲಿ ಅಂಚು ಇರಲಿಲ್ಲ, ಒಸಡಿನ ಹತ್ತಿರದ ಹಳದಿ ಇರಲಿಲ್ಲ, ಕೋರೆಹಲ್ಲಿಗೂ ಬಾಚಿಹಲ್ಲಿಗೂ ವ್ಯತ್ಯಾಸ ಇರಲಿಲ್ಲ. ಬೆಳಕು ಒಳಗೆ ಹೋಗದೆ ಮೇಲಿಂದಲೇ ವಾಪಸ್ ಬಂದಂತಿತ್ತು. ಅಂದರೆ ಅದು ಹಲ್ಲಲ್ಲ, ಬಾತ್‌ರೂಮಿನ ಟೈಲ್ಸ್.

ಮೂಲ ಫೋಟೋ ಕಳಿಸು ಅಂದೆ. ಅದರಲ್ಲೂ ಹಲ್ಲು ಸ್ವಲ್ಪ ಸುಣ್ಣದ ತರಹ ಇತ್ತು. ಅದು ಅವನ ತಪ್ಪಲ್ಲ, ಹಲ್ಲು ಒಣಗಿತ್ತು. ಬೋಂಡಾ ಕಟ್ಟಿದ ಪೇಪರಿನಲ್ಲಿ ಎಣ್ಣೆ ತಾಗಿದ ಜಾಗ ಪಾರದರ್ಶಕ ಆಗುತ್ತದಲ್ವಾ? ಕಾಗದದ ನಾರುಗಳ ಸಂದಿನಲ್ಲಿದ್ದ ಗಾಳಿಯ ಜಾಗಕ್ಕೆ ಎಣ್ಣೆ ಬಂತು. ನಾರಿಗೂ ಗಾಳಿಗೂ ಬೆಳಕಿನ ಮಟ್ಟಿಗೆ ದೊಡ್ಡ ವ್ಯತ್ಯಾಸ, ನಾರಿಗೂ ಎಣ್ಣೆಗೂ ಕಡಿಮೆ. ಅದಕ್ಕೇ ಬೆಳಕು ಚೆದುರದೆ ದಾಟುತ್ತದೆ. ಎನಾಮೆಲ್ ಇದರ ತಿರುಗುಮುರುಗು. ಅದರ ಸಣ್ಣ ಸಂದುಗಳಲ್ಲಿ ನೀರಿರುತ್ತದೆ. ಫೋಟೋಗಾಗಿ ಲೈಟಿನ ಕೆಳಗೆ ಬಾಯಿ ತೆರೆದೇ ನಕ್ಕರೆ ಕೆಲವೇ ನಿಮಿಷದಲ್ಲಿ ನೀರು ಆರಿ ಗಾಳಿ ತುಂಬುತ್ತದೆ. ಬೆಳಕು ಮೇಲೆಮೇಲೆಯೇ ಚೆದುರಿ ಹಲ್ಲು ಬೆಳ್ಳಗೆ ಮಂಕಾಗುತ್ತದೆ. ಮೊದಲಿನ ಬಣ್ಣಕ್ಕೆ ಬರಲು ಅರ್ಧ ಗಂಟೆಗೂ ಜಾಸ್ತಿ ಬೇಕಾಗಬಹುದು. ನಮ್ಮ ಅತ್ತೆಯೊಬ್ಬರಿಗೆ ಒಂದು ಕ್ಲಿನಿಕ್ಕಿನಲ್ಲಿ ಬಾಯಿ ತೆರೆಸಿ ಎಲ್ಲ ಕೆಲಸ ಮುಗಿಸಿ, ಕೊನೆಗೆ ಕ್ಯಾಪಿನ ಬಣ್ಣ ಹೊಂದಿಸಿದರು. ಇವತ್ತಿಗೂ ಅವರು ನಕ್ಕರೆ ಮೊದಲು ಕಾಣುವುದು ಆ ಒಂದು ಹಲ್ಲು. ಬಣ್ಣವನ್ನು ಮೊದಲೇ, ಹಲ್ಲು ಒದ್ದೆ ಇರುವಾಗಲೇ ನೋಡಬೇಕಿತ್ತು.

ಒಸಡಿನ ವಿಷಯ ಇನ್ನೂ ಮಜಾ. ಜಪಾನಿನ ರೋಬಾಟ್ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿ ಒಂದು ಮಾತು ಹೇಳಿದರು. ಗೊಂಬೆ ಗೊಂಬೆಯಂತಿದ್ದರೆ ಮುದ್ದು. ಮನುಷ್ಯನಿಗೆ ತೀರಾ ಹತ್ತಿರ ಬಂದು ಒಂದಿಷ್ಟೇ ತಪ್ಪಿದರೆ ಮೈ ಜುಂ ಅನ್ನುತ್ತದೆ. ಅಸಲಿಯಂತೆ ಕಾಣುವ ಕೃತಕ ಕೈಯನ್ನು ಕುಲುಕಿದಾಗ ಅದು ತಣ್ಣಗಿದ್ದರೆ ಹೇಗಾಗುತ್ತದೆ, ಹಾಗೆ. ಹುಡುಗನ ಚಿತ್ರದ ಒಸಡು ಆ ಕೃತಕ ಕೈ. ಬಬಲ್‌ಗಮ್ ಗುಲಾಬಿ, ಎಲ್ಲೂ ಏರಿಳಿತ ಇಲ್ಲ, ಪ್ಲಾಸ್ಟಿಕ್ಕಿನ ಹೊಳಪು.

ಚೆನ್ನಾಗಿರುವ ಒಸಡು ನುಣುಪಾಗಿರುವುದಿಲ್ಲ. ಹಲ್ಲಿಗೆ ತಾಗಿದ ಕಿರಿದಾದ ಅಂಚು ನುಣುಪು, ನಿಜ. ಅದರಾಚೆ, ಮೂಳೆಗೆ ಬಿಗಿಯಾಗಿ ಅಂಟಿದ ಭಾಗದಲ್ಲಿ ಬಹಳ ಜನರಿಗೆ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಒಸಡು ಉರಿಗೊಂಡು ಊದಿಕೊಂಡಾಗ ಈ ಗುಳಿಗಳು ಮಾಯವಾಗಿ ಒಸಡು ನುಣ್ಣಗೆ ಹೊಳೆಯುತ್ತದೆ, ಹಲ್ಲುಗಳ ಮಧ್ಯದ ಚೂಪು ತ್ರಿಕೋನ ಮೊಂಡಾಗುತ್ತದೆ. ಜಾಹೀರಾತಿನವರು ಚೆಂದ ಅಂತ ತಿದ್ದಿ ತಿದ್ದಿ ಕೊನೆಗೆ ಬಿಡಿಸುವುದು ಒಸಡಿನ ಕಾಯಿಲೆಯ ಚಿತ್ರವನ್ನೇ! ನಮಗೆ ಗೊತ್ತಿಲ್ಲದೆಯೇ ಕಣ್ಣಿಗೆ ಇರುಸುಮುರುಸು ಆಗುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ಬಣ್ಣವೂ ಅಷ್ಟೇ. ನಮ್ಮಲ್ಲಿ ಬೇಕಾದಷ್ಟು ಜನರ ಒಸಡಿನಲ್ಲಿ ಕಂದು, ಕಪ್ಪು ಮಚ್ಚೆ ಇರುತ್ತದೆ. ಚರ್ಮದಲ್ಲಿರುವ ಮೆಲನಿನ್ನೇ ಅದು, ಹುಟ್ಟುಗುಣ. ಎಣ್ಣೆಗೆಂಪು ಮುಖದ ಹುಡುಗಿಗೆ ಅಚ್ಚ ಗುಲಾಬಿ ಒಸಡು ಹಚ್ಚಿದರೆ ಮುಖ ಒಬ್ಬರದು, ಬಾಯಿ ಇನ್ನೊಬ್ಬರದು ಆಗುತ್ತದೆ. ಹಲ್ಲಿನ ಸೆಟ್ ಮಾಡುವವರಿಗೆ ಇದೆಲ್ಲ ಹಳೇ ಪಾಠ. ಅವರ ಗುಲಾಬಿ ಅಕ್ರಿಲಿಕ್ಕಿನಲ್ಲಿ ರಕ್ತನಾಳದ ಹಾಗೆ ಕಾಣಲು ಸಣ್ಣ ಕೆಂಪು ಎಳೆಗಳನ್ನು ಬೆರೆಸಿರುತ್ತಾರೆ.

ಪುದೀನದ ಬಗ್ಗೆ ಎರಡೇ ಮಾತು. ಚಿತ್ರದಲ್ಲಿರುವುದು ನಮ್ಮ ಚಟ್ನಿಯ ಪುದೀನ. ಅದರ ಘಮ ಕಾರ್ವೋನ್ ಅನ್ನುವ ವಸ್ತುವಿನದು. ಪೇಸ್ಟಿನ ಆ ಕೊರೆಯುವ ತಂಪು ಮೆಂಥಾಲಿನದು, ಅದು ಹೆಚ್ಚಾಗಿ ಬರುವುದು ಉತ್ತರ ಪ್ರದೇಶದ ಬಾರಾಬಂಕಿ ಕಡೆ ಎಕರೆಗಟ್ಟಲೆ ಬೆಳೆಯುವ ಬೇರೊಂದು ಪುದೀನದಿಂದ. ಆ ತಂಪೂ ತಂಪಲ್ಲ. ಚಳಿ ತಾಗಿದಾಗ ಮಿದುಳಿಗೆ ಸುದ್ದಿ ಮುಟ್ಟಿಸುವ ನರದ ಗುಂಡಿಯನ್ನೇ ಮೆಂಥಾಲ್ ಒತ್ತುತ್ತದೆ, ಬಾಯಿಯ ಉಷ್ಣತೆ ಇದ್ದಲ್ಲೇ ಇರುತ್ತದೆ. 2002ರಲ್ಲಿ ಆ ಗುಂಡಿಯನ್ನು ಹುಡುಕಿದ ಕೆಲಸದಲ್ಲಿದ್ದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಎಲೆ ಮೇಲಿನ ನೀರಹನಿಗೆ ಫೋಟೋದವರು ಗ್ಲಿಸರಿನ್ ಬೆರೆಸುತ್ತಾರೆ, ಬೇಗ ಆರಬಾರದಲ್ಲ. ಇದಕ್ಕೆಲ್ಲ ನನ್ನ ತಕರಾರಿಲ್ಲ, ಅಲಂಕಾರ. ಹಲ್ಲಿನದ್ದು ಮಾತ್ರ ಅಲಂಕಾರವಲ್ಲ, ಅದೇ ಮಾರುತ್ತಿರುವ ಮಾಲು. 2015ರಲ್ಲಿ ಶಾಂಘೈ ಅಧಿಕಾರಿಗಳು ಕ್ರೆಸ್ಟ್ ಪೇಸ್ಟಿನ ಜಾಹೀರಾತಿಗೆ 60 ಲಕ್ಷ ಯುವಾನ್‌ಗೂ ಜಾಸ್ತಿ ದಂಡ ಹಾಕಿದರು. ಒಂದೇ ದಿನದಲ್ಲಿ ಬಿಳುಪಾದ ಹಲ್ಲು ಅಂತ ತೋರಿಸಿದ್ದು ಕಂಪ್ಯೂಟರಿನಲ್ಲಿ ಬಿಳುಪಾಗಿತ್ತು.

ಪೇಸ್ಟಿನ ಒಳಗೂ ಒಂದು ಕಣ್ಕಟ್ಟು ಉಂಟು. ಕೆಲವು ಪೇಸ್ಟುಗಳಲ್ಲಿ ಕೋವರೀನ್ ಅನ್ನುವ ನೀಲಿ ಇರುತ್ತದೆ. ಹಲ್ಲಿನ ಮೇಲೆ ತೆಳ್ಳಗೆ ಕೂತು ಹಳದಿಯನ್ನು ಮರೆಸುತ್ತದೆ. ಅಮ್ಮ ಬಿಳಿ ಪಂಚೆಗೆ ಬಕೆಟ್ಟಿನಲ್ಲಿ ನೀಲಿ ಹಾಕುತ್ತಿದ್ದಳಲ್ಲ, ಅದೇ ಲೆಕ್ಕ. ಹಳದಿ ಹೋಗಿರುವುದಿಲ್ಲ, ನಮ್ಮ ಕಣ್ಣು ಮೋಸ ಹೋಗಿರುತ್ತದೆ.

ಹುಡುಗ ಮತ್ತೆ ಕೂತ. ಬಿಳಿ ಬಳಿದ ಪದರ ತೆಗೆದ. ಹಳದಿಯನ್ನು ಪೂರ್ತಿ ಅಳಿಸದೆ ಅರ್ಧ ಮಾತ್ರ ಇಳಿಸಿದ. ಬಾಚಿಹಲ್ಲಿನ ನಡುಭಾಗ 235, 225, 205ರ ಆಸುಪಾಸಿಗೆ ಬಂತು. ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗಾಗದಂತೆ ನೋಡಿಕೊಂಡ. ಕೋರೆಹಲ್ಲನ್ನು ಹಳದಿಯಾಗೇ ಬಿಟ್ಟ, ತುದಿಗೆ ಎಳೆಯಷ್ಟು ನೀಲಿ ಬೂದಿ ಕೊಟ್ಟ. ಬಾಯಿಯ ಮೂಲೆಗಳ ನೆರಳನ್ನು ವಾಪಸ್ ತಂದ, ಇಲ್ಲದಿದ್ದರೆ ಹಿಂದಿನ ಹಲ್ಲೂ ಮುಂದಿನದರಷ್ಟೇ ಹೊಳೆಯುತ್ತಿತ್ತು. ಒಸಡಿನ ಉದ್ದದ ಹೊಳಪನ್ನು ಒಡೆದು ಚೂರುಚೂರು ಮಾಡಿದ. ಮೂಲ ಫೋಟೋದಲ್ಲಿದ್ದ ಕಂದು ಮಚ್ಚೆ ಅಳಿಸಿದ್ದನ್ನೂ ಮತ್ತೆ ಹಾಕಿದ.

ಮರುದಿನ ಡಾಕ್ಟರು ಫೋನ್ ಮಾಡಿದರಂತೆ. ಹಲ್ಲು ಎರಡು ಛಾಯೆ ಬೆಳ್ಳಗಾಗಲಿ, ಪಟ್ಟಿಯಲ್ಲಿ ತೀರಾ ತಿಳಿಯಾದ ಬಿ1ರವರೆಗೆ ಹೋಗಬಹುದು, ಅದರಾಚೆ ಬೇಡ ಅಂದರಂತೆ. ಒಸಡಿನ ಮಚ್ಚೆ ತೆಗೆಯಲಾ ಮೇಡಂ ಅಂತ ಇವನು ಕೇಳಿದ್ದಾನೆ. "ಅದು ಇರಲಪ್ಪ. ಇದು ಕಾಯಿಲೆಯಾ ಅಂತ ದಿನಾ ಯಾರಾದ್ರೂ ಕನ್ನಡಿ ಹಿಡ್ಕೊಂಡು ಬಂದು ಕೇಳ್ತಾರೆ. ಬ್ಯಾನರ್ ತೋರಿಸಿ ಕಳಿಸ್ತೀನಿ" ಅಂದರಂತೆ.