ನಿವೃತ್ತಿ ಭಾಷಣದಲ್ಲಿ ಸಿಲಿಂಡರ್ ಲೆಕ್ಕ

ಸರ್ಕಾರಿ ಆಸ್ಪತ್ರೆಯಲ್ಲಿ ಅರವತ್ತು ತುಂಬಿದ ತಿಂಗಳ ಕೊನೇ ದಿನ ಒಂದು ಶಾಲು, ಒಂದು ಹಾರ, ಹಣ್ಣಿನ ಬುಟ್ಟಿ, ಆಮೇಲೆ ಭಾಷಣ. ಇಂಥ ಭಾಷಣಗಳನ್ನು ನಾನು ಎಷ್ಟು ಕೇಳಿದ್ದೀನೋ ಲೆಕ್ಕ ಇಟ್ಟಿಲ್ಲ. ಹೆಚ್ಚು ಕಮ್ಮಿ ಎಲ್ಲವೂ ಒಂದೇ ಥರ ಇರುತ್ತವೆ. ಡಾಕ್ಟರಿಂದ ಹಿಡಿದು ಗ್ರೂಪ್ ಡಿ ವರೆಗೆ ಎಲ್ಲರ ಹೆಸರು ಹೇಳಿ, ಎಲ್ಲರ ಸಹಕಾರಕ್ಕೂ ವಂದನೆ ಹೇಳಿ, ಕಣ್ಣು ಒರೆಸಿಕೊಂಡು ಕೂತುಬಿಡುವುದು. ಕೇಳಿದವರಿಗೆ ತಾವು ಏನು ಮಾಡಿದ್ದಕ್ಕೆ ವಂದನೆ ಸಿಕ್ಕಿತು ಅನ್ನೋದೇ ಗೊತ್ತಾಗುವುದಿಲ್ಲ.

ನನ್ನ ಸರದಿ ಬಂದಾಗ ಹಾಗೆ ಮಾಡಬಾರದು ಅಂದುಕೊಂಡೆ. ಯಾರು ಯಾವ ಕೆಲಸ ಮಾಡಿದರು, ಅದರಿಂದ ವಾರ್ಡಿನಲ್ಲಿ ಏನಾಯಿತು ಅಂತ ಹೇಳಿದೆ. ಆಮೇಲೆ ಕಿರಿಯ ನರ್ಸ್‌ಗಳು "ಮೇಡಂ, ಅದನ್ನ ಬರೆದುಕೊಡಿ" ಅಂದರು. ಬರೆಯುವಾಗ ವಾರ್ಡಿನ ಹೊರಗಿನವರಿಗೂ ಅರ್ಥವಾಗಲಿ ಅಂತ ಒಂದಿಷ್ಟು ವಿವರ ಸೇರಿಸಿದ್ದೀನಿ. ಭಾಷಣದಲ್ಲಿ ಹೇಳಿದ ಹೆಸರುಗಳನ್ನು ಇಲ್ಲಿ ಬಿಟ್ಟಿದ್ದೀನಿ.

ಕಷ್ಟದ ವರ್ಷಗಳು ಬೇಕಾದಷ್ಟಿದ್ದವು. ಡೆಂಗಿ ಸೀಸನ್‌ನಲ್ಲಿ ಒಂದು ಮಂಚಕ್ಕೆ ಇಬ್ಬರು ಮಲಗಿದ ದಿನಗಳು, ಒಬ್ಬಳೇ ನರ್ಸ್ ಇಡೀ ವಾರ್ಡ್ ನೋಡಿಕೊಂಡ ರಾತ್ರಿಗಳು. ಆದರೆ ಎಲ್ಲರೂ ಒಟ್ಟಿಗೆ ಉಳಿದಿದ್ದು ಕೋವಿಡ್ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್, ಮೇ ತಿಂಗಳಲ್ಲಿ. ಅದಕ್ಕೇ ಅದನ್ನೇ ಹಿಡಿದೆ.

ಆಗ ನಮ್ಮಲ್ಲಿ ದ್ರವ ಆಕ್ಸಿಜನ್ ಟ್ಯಾಂಕ್ ಇರಲಿಲ್ಲ. ಇದ್ದದ್ದು ಮ್ಯಾನಿಫೋಲ್ಡ್ ಕೊಠಡಿ. ಅಲ್ಲಿ ಎರಡು ಸಾಲಿನಲ್ಲಿ ಜಂಬೋ ಸಿಲಿಂಡರ್‌ಗಳನ್ನು ನಿಲ್ಲಿಸಿ ಪೈಪಿಗೆ ಜೋಡಿಸಿರುತ್ತಾರೆ. ಒಂದು ಸಾಲು ವಾರ್ಡಿಗೆ ಗಾಳಿ ಕೊಡುತ್ತಿರುತ್ತದೆ, ಇನ್ನೊಂದು ತುಂಬಿ ಕಾಯುತ್ತಿರುತ್ತದೆ. ಮೊದಲನೆಯದು ಮುಗಿಯುತ್ತ ಬಂದಾಗ ಎರಡನೆಯದಕ್ಕೆ ಬದಲಾಯಿಸಿ, ಖಾಲಿಯಾದವನ್ನು ಇಳಿಸಿ ತುಂಬಿದವನ್ನು ಹಾಕಬೇಕು. ಮಾಮೂಲಿ ದಿನಗಳಲ್ಲಿ ಈ ಕೊಠಡಿ ಕಡೆ ನರ್ಸ್‌ಗಳು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದು ಬೇರೆಯವರ ಕೆಲಸ, ನಮಗೆ ಗೋಡೆಯ ಮೇಲಿನ ತೂತಿನಲ್ಲಿ ಗಾಳಿ ಬಂದರೆ ಸಾಕಿತ್ತು.

ಮೇ ಮೊದಲ ವಾರ ಚಾಮರಾಜನಗರದ ಸುದ್ದಿ ಬಂತು. 24 ಮಂದಿ ತೀರಿಕೊಂಡಿದ್ದರು, ಆಕ್ಸಿಜನ್ ಸಾಲಲಿಲ್ಲ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ಅವತ್ತು ಸಂಜೆ ಡ್ಯೂಟಿಗೆ ಬಂದ ಹುಡುಗಿಯರ ಮುಖ ನೋಡಬೇಕಿತ್ತು ನೀವು. ಅವರಲ್ಲೊಬ್ಬಳು, ಆಗ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ, ನನ್ನ ಹತ್ತಿರ ಬಂದು "ಮೇಡಂ, ಇವತ್ತು ರಾತ್ರಿಗೆ ನಮಗೆ ಎಷ್ಟು ಸಿಲಿಂಡರ್ ಬೇಕು?" ಅಂತ ಕೇಳಿದಳು. "ಎಷ್ಟಿವೆ" ಅಂತ ದಿನಾ ಎಲ್ಲರೂ ಕೇಳುತ್ತಿದ್ದರು. "ಎಷ್ಟು ಬೇಕು" ಅಂತ ಕೇಳಿದವಳು ಅವಳೇ ಮೊದಲು.

ಲೆಕ್ಕ ಕಷ್ಟದ್ದಲ್ಲ. ತುಂಬಿದ ಜಂಬೋ ಸಿಲಿಂಡರಿನಲ್ಲಿ ಸುಮಾರು 7000 ಲೀಟರ್ ಆಕ್ಸಿಜನ್ ಇರುತ್ತದೆ. ವಾರ್ಡಿನಲ್ಲಿ ಎಂಟು ಜನರಿಗೆ ನಿಮಿಷಕ್ಕೆ 10 ಲೀಟರ್, ನಾಲ್ಕು ಜನರಿಗೆ 5 ಲೀಟರ್ ಕೊಡುತ್ತಿದ್ದೀವಿ ಅಂದುಕೊಳ್ಳಿ. 80 ಮತ್ತು 20, ಒಟ್ಟು ನಿಮಿಷಕ್ಕೆ 100 ಲೀಟರ್. ಅಂದರೆ ಒಂದು ಸಿಲಿಂಡರ್ ಬರೀ 70 ನಿಮಿಷ. ರಾತ್ರಿ ಹತ್ತರಿಂದ ಬೆಳಗ್ಗೆ ಆರಕ್ಕೆ 480 ನಿಮಿಷ, ಸುಮಾರು ಏಳು ಸಿಲಿಂಡರ್ ಬೇಕೇ ಬೇಕು. ಮಧ್ಯರಾತ್ರಿ ಇಬ್ಬರು ಹೊಸಬರು ಬಂದರೆ, ಒಬ್ಬರಿಗೆ ಉಸಿರು ಜಾಸ್ತಿಯಾಗಿ 15 ಲೀಟರಿಗೆ ಏರಿಸಿದರೆ ಏಳೂ ಸಾಲುವುದಿಲ್ಲ. ಹಾಗಾಗಿ ಏಳು ಬೇಕಾದರೆ ಹತ್ತು ಕೈಯಲ್ಲಿರಬೇಕು ಅಂತ ನಾವೇ ಗೆರೆ ಎಳೆದುಕೊಂಡೆವು.

ಆ ಹುಡುಗಿ ಇದನ್ನೆಲ್ಲ ನರ್ಸಿಂಗ್ ಸ್ಟೇಷನ್ ಬೋರ್ಡಿನ ಮೇಲೆ ದಿನಾ ಸಂಜೆ ಬರೆಯತೊಡಗಿದಳು. ಮಂಚದ ನಂಬರ್, ಫ್ಲೋ, ಮೊತ್ತ, ಬೆಳಗ್ಗೆಗೆ ಬೇಕಾದ ಸಿಲಿಂಡರ್. ಇಂಡೆಂಟ್ ಕಳಿಸುವಾಗ "ಆಕ್ಸಿಜನ್ ಕಡಿಮೆ ಇದೆ, ಬೇಗ ಕಳಿಸಿ" ಅಂತ ಬರೆಯುವುದಕ್ಕೂ, "ಇರುವುದು ರಾತ್ರಿ ಎರಡೂವರೆಗೆ ಮುಗಿಯುತ್ತದೆ, ಇನ್ನೂ ಆರು ಬೇಕು" ಅಂತ ಬರೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಮೊದಲನೆಯದು ಮೇಜಿನ ಮೇಲೆ ಕೂರುತ್ತದೆ. ಎರಡನೆಯದನ್ನು ಓದಿದವರು ಫೋನ್ ಎತ್ತಲೇಬೇಕು. ನನ್ನ ಮೊದಲ ವಂದನೆ ಆ ಬೋರ್ಡಿಗೆ ಅಂತ ಹೇಳಿದಾಗ ಅವಳು ಹಿಂದಿನ ಸಾಲಿನಲ್ಲಿ ಕೂತು ತಲೆ ಬಗ್ಗಿಸಿದಳು. ಈಗ ಅವಳಿಗೆ ಎರಡು ವರ್ಷದ ಮಗು ಇದೆ.

ಎರಡನೆಯದು ಮ್ಯಾನಿಫೋಲ್ಡ್ ಅಣ್ಣನಿಗೆ. ಜಂಬೋ ಸಿಲಿಂಡರ್ ಎದೆಯೆತ್ತರ ಬರುತ್ತದೆ, ಎತ್ತಿ ಒಯ್ಯುವ ವಸ್ತು ಅಲ್ಲ. ಸ್ವಲ್ಪ ಓರೆ ಮಾಡಿ ತಳದ ಅಂಚಿನ ಮೇಲೆ ಉರುಳಿಸಿಕೊಂಡು ಹೋಗಬೇಕು. ಪಿಪಿಇ ಕಿಟ್ ಹಾಕಿಕೊಂಡು, ಮೇ ತಿಂಗಳ ಸೆಕೆಯಲ್ಲಿ, ರಾತ್ರಿಯಿಡೀ. ಆದರೆ ನಾನು ಹೇಳಿದ್ದು ಅವನ ತೋಳಿನ ಶಕ್ತಿ ಬಗ್ಗೆ ಅಲ್ಲ. ಅವನು ಹೊಸ ಸಿಲಿಂಡರ್ ಜೋಡಿಸುವ ಮುಂಚೆ ಪ್ರತಿ ಸಲ ವಾಲ್ವನ್ನು ಒಂದು ಕ್ಷಣ ತೆರೆದು ಬುಸ್ ಅಂತ ಗಾಳಿ ಬಿಟ್ಟು ಮುಚ್ಚುತ್ತಿದ್ದ. ಬಾಯಲ್ಲಿ ಕೂತ ಧೂಳು ಹಾರಿಹೋಗಬೇಕು, ಇಲ್ಲದಿದ್ದರೆ ಅದು ಒಳಗೆ ಹೋಗಿ ಕೂರುತ್ತದೆ. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ರೆಗ್ಯುಲೇಟರ್ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಎಣ್ಣೆ, ಗ್ರೀಸ್, ಸ್ಪಿರಿಟ್ ಯಾವುದೂ ಒತ್ತಡದ ಆಕ್ಸಿಜನ್ ಹತ್ತಿರ ಇರಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ಆ ದಿನಗಳಲ್ಲಿ ಎಲ್ಲರ ಕೈಯೂ ಸದಾ ಸ್ಯಾನಿಟೈಸರಿನಲ್ಲಿ ಒದ್ದೆ. ಅವಸರದಲ್ಲಿ ನಾವು ಓಡಿ ಬಂದರೆ "ಅಕ್ಕಾ, ಕೈ ಒಣಗಲಿ" ಅಂತ ಬಾಗಿಲಲ್ಲೇ ನಿಲ್ಲಿಸುತ್ತಿದ್ದ. ನಾನೂ ನಿಂತಿದ್ದೀನಿ.

ಇನ್ನು ರಾತ್ರಿ ಪಾಳಿಯ ಸಿಸ್ಟರ್‌ಗಳು. ವಾರ್ಡಿನಲ್ಲಿ ಮಾನಿಟರ್‌ಗಳು ಎಲ್ಲರಿಗೂ ಇರಲಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಓಡಾಡಬೇಕು. ಅಷ್ಟರೊಳಗೆ ಪೈಪಿನಲ್ಲಿ ಒತ್ತಡ ಇಳಿದರೆ ಗೊತ್ತಾಗುವುದು ಹೇಗೆ? ಅವರು ಚೀಲ ನೋಡಿ ಕಲಿತರು. 10, 15 ಲೀಟರ್ ಕೊಡುವ ಮಾಸ್ಕಿನ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ ತೂಗುತ್ತಿರುತ್ತದೆ. ರೋಗಿ ಉಸಿರು ಎಳೆದಾಗ ಅದು ಸ್ವಲ್ಪ ಕುಗ್ಗಬೇಕು, ಪೂರ್ತಿ ಚಪ್ಪಟೆಯಾಗಬಾರದು. ಚಪ್ಪಟೆಯಾದರೆ ಬರುವ ಗಾಳಿ ಸಾಲುತ್ತಿಲ್ಲ ಅಂತಲೇ. ಒಂದೇ ಮಂಚದಲ್ಲಿ ಹಾಗಾದರೆ ಟ್ಯೂಬ್ ಮಡಚಿರಬಹುದು, ಅಥವಾ ರೋಗಿಗೆ ಉಸಿರು ಜಾಸ್ತಿಯಾಗಿರಬಹುದು. ಸಾಲಿನಲ್ಲಿ ಮೂರು ನಾಲ್ಕು ಚೀಲ ಒಟ್ಟಿಗೆ ಸೊರಗಿದರೆ ಮ್ಯಾನಿಫೋಲ್ಡಿಗೆ ಓಡಬೇಕು, ಆಕ್ಸಿಮೀಟರ್ ತರಲು ಹೋಗಬಾರದು. ಆಕ್ಸಿಮೀಟರಿನಲ್ಲಿ ನಂಬರ್ ಇಳಿಯುವುದು ಆಮೇಲೆ. ಮೂಗಿನ ನಳಿಕೆ ಇದ್ದವರ ಹತ್ತಿರ ನೀರಿನ ಬಾಟಲಿ ಗುಳುಗುಳು ಅನ್ನುತ್ತಿರುತ್ತದೆ. ರಾತ್ರಿ ಮೂರು ಗಂಟೆಗೆ ಆ ಸದ್ದು ಸಣ್ಣಗಾದರೆ ಚಾರ್ಟ್ ಬರೆಯುತ್ತ ಕೂತವಳು ತಲೆ ಎತ್ತುತ್ತಿದ್ದಳು. ಇದನ್ನು ಅವರಿಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಹಿರಿಯ ಸಿಸ್ಟರ್ ಒಬ್ಬರಿದ್ದಾರೆ, ಅವರ ನಾಲಿಗೆಗೆ ನಾನು ಬೇರೆಯಾಗಿ ವಂದನೆ ಹೇಳಿದೆ. ಎಲ್ಲರೂ ನಕ್ಕರು. ವಿಷಯ ಏನಂದರೆ, ಜೊತೆಗಿದ್ದ ಮನೆಯವರು ಫ್ಲೋಮೀಟರ್ ತಿರುಪನ್ನು ತಾವೇ ಏರಿಸುತ್ತಿದ್ದರು. ಜಾಸ್ತಿ ಬಿಟ್ಟರೆ ಬೇಗ ವಾಸಿಯಾಗುತ್ತದೆ ಅಂತ. ಕೋವಿಡ್ ರೋಗಿಗೆ ಆಕ್ಸಿಜನ್ ಮಟ್ಟ 92ರಿಂದ 96 ಇದ್ದರೆ ಸಾಕು. 99 ತೋರಿಸಿದರೆ ಶ್ವಾಸಕೋಶ ಬೇಗ ಸರಿಹೋಗುವುದಿಲ್ಲ, ಗಾಳಿ ಖರ್ಚಾಗುತ್ತದೆ ಅಷ್ಟೇ. ಹನ್ನೆರಡು ಜನರಲ್ಲಿ ಒಬ್ಬೊಬ್ಬರಿಗೆ 2 ಲೀಟರ್ ಇಳಿಸಿದರೆ ಗಂಟೆಗೆ 1440 ಲೀಟರ್ ಉಳಿಯುತ್ತದೆ, ಐದು ಗಂಟೆಗೆ ಒಂದು ಜಂಬೋ ಸಿಲಿಂಡರ್. ಆದರೆ ಮಗನೊಬ್ಬನ ಎದುರಿಗೆ ಅವನ ತಾಯಿಯ ಆಕ್ಸಿಜನ್ ಇಳಿಸುವುದು ಹೇಗೆ? ಈ ಸಿಸ್ಟರ್ ಅವನ ಕೈಗೇ ಆಕ್ಸಿಮೀಟರ್ ಕೊಟ್ಟು, "ನೋಡಪ್ಪಾ, ಈಗ 98. ಅರ್ಧ ಲೀಟರ್ ಇಳಿಸ್ತೀನಿ, ನೀನು ಇಲ್ಲೇ ಕೂತು ನೋಡು, 92ಕ್ಕಿಂತ ಕೆಳಗೆ ಬಂದರೆ ನನ್ನ ಕೂಗು" ಅನ್ನುತ್ತಿದ್ದರು. ಬೈಯುವುದೂ ಇತ್ತು, ಅದು ಎರಡನೇ ಸಲ ತಿರುಪು ಮುಟ್ಟಿದವರಿಗೆ.

ಆಯಮ್ಮಂದಿರ ಕೆಲಸ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಎಚ್ಚರ ಇರುವ ರೋಗಿಯನ್ನು ಬೋರಲು ಮಲಗಿಸುವುದು ಆಗ ದೊಡ್ಡ ಚಿಕಿತ್ಸೆ. ಬೆನ್ನಿನ ಕಡೆಯ ಶ್ವಾಸಕೋಶದ ಭಾಗಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಕುತ್ತಿಗೆ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆವರೆಗೆ ಒಂದೆರಡು, ಕಣಕಾಲ ಕೆಳಗೆ ಎರಡು. ಅಷ್ಟು ದಿಂಬು ಎಲ್ಲಿ ತರೋಣ? ಆಯಮ್ಮಂದಿರು ಕಂಬಳಿ ಸುತ್ತಿ, ಹಳೇ ಬೆಡ್‌ಶೀಟಿನಿಂದ ಕಟ್ಟಿ ದಿಂಬು ಮಾಡಿದರು. ಊಟ ಆಗಿ ಒಂದು ಗಂಟೆ ಆಗಿದೆಯಾ ಅಂತ ಕೇಳಿಯೇ ತಿರುಗಿಸುತ್ತಿದ್ದರು. ಒಬ್ಬ ಲಾರಿ ಡ್ರೈವರ್ ಇದ್ದ, ದೊಡ್ಡ ಹೊಟ್ಟೆ, ಬೋರಲು ಮಲಗುವುದೇ ಇಲ್ಲ ಅಂತ ಹಟ. ಆಯಮ್ಮ ಹೊಟ್ಟೆ ಜಾಗ ಖಾಲಿ ಬಿಟ್ಟು ಎದೆಗೊಂದು ಸುರುಳಿ, ಸೊಂಟಕ್ಕೊಂದು ಸುರುಳಿ ಇಟ್ಟರು. ಅರ್ಧ ಗಂಟೆ ಅಂತ ಒಪ್ಪಿದವನು ನಿದ್ದೆ ಹೋದ. ಮಲಗುವಾಗ 88 ಇದ್ದದ್ದು 93ಕ್ಕೆ ಬಂತು. ಎಲ್ಲರಿಗೂ ಹೀಗೆ ಆಗಲಿಲ್ಲ. ಕೆಲವರಿಗೆ ತಿರುಗಿಸಿದ ಮೇಲೆ ಇನ್ನೂ ಸುಸ್ತಾಗುತ್ತಿತ್ತು, ಅವರನ್ನು ತಕ್ಷಣ ಎಬ್ಬಿಸಿ ಕೂರಿಸಬೇಕಿತ್ತು, ಡಾಕ್ಟರನ್ನು ಕರೆಯಬೇಕಿತ್ತು. ಅದನ್ನೂ ಮೊದಲು ಗಮನಿಸುತ್ತಿದ್ದದ್ದು ಕಾಲ ಬಳಿ ನಿಂತ ಆಯಮ್ಮನೇ.

ಒಂದು ಮಾತು ಸಭೆಗೆ ಅಷ್ಟು ರುಚಿಸಲಿಲ್ಲ, ಆದರೂ ಹೇಳಿದೆ. ಆ ಎರಡು ತಿಂಗಳು ನಮ್ಮ ಜೊತೆ ತಾತ್ಕಾಲಿಕವಾಗಿ ಸೇರಿದ ನರ್ಸ್‌ಗಳು ಇದ್ದರು. ಅಲೆ ಇಳಿದ ಮೇಲೆ ಅವರನ್ನು ಕಳಿಸಿಬಿಟ್ಟರು. ಫೋಟೋದಲ್ಲಿಲ್ಲ, ಪ್ರಶಂಸಾ ಪತ್ರದಲ್ಲಿಲ್ಲ. ಅವತ್ತಿನ ಡ್ಯೂಟಿ ಪಟ್ಟಿ ನನ್ನ ಹತ್ತಿರ ಇತ್ತು. ಅದರಲ್ಲಿದ್ದ ಅವರ ಹೆಸರುಗಳನ್ನು ಒಂದೊಂದಾಗಿ ಓದಿದೆ. ಸಾವಿನ ಲೆಕ್ಕ ಮಾತ್ರ ಓದಲಿಲ್ಲ. ಅದು ಅಲ್ಲಿ ಕೂತವರೆಲ್ಲರಿಗೂ ಗೊತ್ತಿತ್ತು.

ಕೊನೆಗೆ ಹೊಸ ಇನ್‌ಚಾರ್ಜ್ ಸಿಸ್ಟರಿಗೆ ಎಲ್ಲರೆದುರೇ ಹೇಳಿದೆ. ಈಗ ಆಸ್ಪತ್ರೆಯಲ್ಲಿ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ ಪಿಎಸ್‌ಎ ಪ್ಲಾಂಟ್ ಇದೆ, ಸಂತೋಷ. ಅದು ಕರೆಂಟಿನಲ್ಲಿ ಓಡುತ್ತದೆ, ಕೆಟ್ಟರೆ ರಿಪೇರಿಯವರು ಬೇರೆ ಊರಿಂದ ಬರಬೇಕು. ಆಗ ಬೇಕಾಗುವುದು ಅದೇ ಮ್ಯಾನಿಫೋಲ್ಡ್. ವಾರಕ್ಕೊಮ್ಮೆ ಹೋಗಿ ಎರಡೂ ಸಾಲಿನ ಗೇಜ್ ನೋಡಮ್ಮ. ತುಂಬಿದ್ದರೆ ಮುಳ್ಳು 150ರ ಹತ್ತಿರ ಇರಬೇಕು, 50 ಅಂದರೆ ಮೂರನೇ ಒಂದು ಭಾಗ ಅಷ್ಟೇ ಉಳಿದಿದೆ ಅಂತ. ಸ್ಪ್ಯಾನರ್ ಎರಡಿರಲಿ, ಒಂದು ಕೊಠಡಿಯಲ್ಲಿ, ಇನ್ನೊಂದು ವಾರ್ಡಿನಲ್ಲಿ. ಲೆಕ್ಕದ ಬೋರ್ಡನ್ನು ಈಗ ರಜೆ ಪಟ್ಟಿ ಅಂಟಿಸಲು ಬಳಸುತ್ತಿದ್ದಾರೆ, ಅದನ್ನು ನಾಳೆಯೇ ತೆಗೆಸು.